ಸೊನ್ನೆಯ ಆಚೆಗಿನ ಹದಿನೈದು ಸಾಲು

ಟಿಕ್, ಟಿಕ್ ಎಂದು ಮೌಸ್ ಒತ್ತುವ ಸದ್ದಿಗೆ ಎಚ್ಚರವಾಯಿತು. ನಡುರಾತ್ರಿ ಇವರು ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಒಬ್ಬರೇ ನಗುತ್ತಿದ್ದರು.

"ಬಾರೇ, ನೋಡು. ಐವತ್ತೆಂಟಕ್ಕೆ ಕೆಲಸ ಬಿಟ್ಟು ಆರಾಮಾಗಿ ಇರ್ತೀನಿ."

ನೋಡಿದೆ. ಪರದೆಯ ಮೇಲೆ ನಿವೃತ್ತಿಯ ಲೆಕ್ಕದ ಪಟ್ಟಿ, ವರ್ಷಕ್ಕೊಂದು ಸಾಲು. ಇವರಿಗೆ ಈಗ ನಲವತ್ತೆಂಟು. ಕೈಯಲ್ಲಿರುವ ನಲವತ್ತು ಲಕ್ಷ, ಅದರ ಜೊತೆ ವರ್ಷಾವರ್ಷ ಶೇಕಡ ಹತ್ತರಷ್ಟು ಏರುವ ಉಳಿತಾಯ. ಹತ್ತು ವರ್ಷಕ್ಕೆ ಎರಡು ಕೋಟಿ ಮೂವತ್ತಾರು ಲಕ್ಷ. ಇಂದಿನ ಐವತ್ತು ಸಾವಿರದ ತಿಂಗಳ ಖರ್ಚು ಬೆಲೆ ಏರಿಕೆಯಿಂದ ಅಷ್ಟರಲ್ಲಿ ತೊಂಬತ್ತು ಸಾವಿರದ ಹತ್ತಿರ. ಆಮೇಲೆ ಬಡ್ಡಿಯೂ ಶೇಕಡ ಆರು, ಬೆಲೆ ಏರಿಕೆಯೂ ಆರು. ಹಾಗಾಗಿ ಗಂಟು ಸರಿಯಾಗಿ ಇಪ್ಪತ್ತೆರಡು ವರ್ಷ ಬರುತ್ತದೆ. ಇವರ ಎಂಬತ್ತಕ್ಕೆ ಕೊನೆಯ ಸಾಲು: ಸೊನ್ನೆ.

"ಒಂದು ಕಾಸು ಹೆಚ್ಚಿಲ್ಲ, ಕಮ್ಮಿಯಿಲ್ಲ!"

"ಆಮೇಲೆ?"

"ಆಮೇಲೇನು? ನಾನೇ ಇರಲ್ವಲ್ಲ."

"ನಾನು ಇರ್ತೀನಲ್ರೀ. ಆಗ ನನಗೆ ಎಪ್ಪತ್ಮೂರು."

ಇವರು ತಲೆ ಕೆರೆದುಕೊಂಡರು. ಇಪ್ಪತ್ತು ವರ್ಷ ಸಂಸಾರ ಮಾಡಿದವಳ ವಯಸ್ಸು ಈಗ ತಿಳಿದವರಂತೆ. "ಮಗಳು ಇದ್ದಾಳಲ್ಲ, ನೋಡ್ಕೋತಾಳೆ. ತಲೆ ತಿನ್ಬೇಡ, ಮಲಗು," ಎಂದು ತಾವೇ ಹೋಗಿ ಮಲಗಿದರು. ಗೊರಕೆ ಶುರುವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಾನು ಕುರ್ಚಿ ಎಳೆದುಕೊಂಡೆ. ಸೊನ್ನೆಯ ಕೆಳಗೆ ನನ್ನ ಎಂಬತ್ತೆಂಟರ ತನಕ ಹದಿನೈದು ಸಾಲು ಸೇರಿಸಿದೆ. ಒಬ್ಬಳೇ ಆದ್ದರಿಂದ ಖರ್ಚು ಮೂರರಲ್ಲಿ ಎರಡು ಪಾಲು ಎಂದಿಟ್ಟೆ. ದುಡ್ಡು ಸಾಲದೆ ಹದಿನೈದೂ ಸಾಲು ಕೆಂಪಾದವು. ಇವರ ನಿವೃತ್ತಿಯ ವಯಸ್ಸನ್ನು ಒಂದೊಂದೇ ವರ್ಷ ಮುಂದಕ್ಕೆ ತಳ್ಳಿದೆ. ಅರವತ್ತೊಂದಕ್ಕೂ ನನ್ನ ಕೊನೆಯ ವರ್ಷದ ನಡುವೆಯೇ ದುಡ್ಡು ಮುಗಿಯಿತು. ಅರವತ್ತೆರಡಕ್ಕೆ ಕೆಂಪು ಹೋಯಿತು. ಫೈಲನ್ನು ಹಾಗೇ ಸೇವ್ ಮಾಡಿ ಮುಚ್ಚಿದೆ.

ಬೆಳಿಗ್ಗೆ ಇವರು ಫೈಲನ್ನು ತೆರೆದೂ ನೋಡದೆ ಹಣಕಾಸು ಸಲಹೆಗಾರ್ತಿಗೆ ಕಳಿಸಿದರು. ತಾವು ಬರೆದದ್ದನ್ನು ಎರಡನೆಯ ಸಲ ನೋಡುವುದು ಇವರ ಪ್ರಕಾರ ದಡ್ಡರ ಕೆಲಸ.

ಸಂಜೆ ಅವಳ ಕಚೇರಿಯಲ್ಲಿ ಕೂತಿದ್ದೆವು. ಅವಳು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

"ಸರ್, ಮೇಡಂ ವಯಸ್ಸಿನ ತನಕ ಲೆಕ್ಕ ಹಾಕಿದ್ದೀರ! ಇಲ್ಲಿಗೆ ಬರೋ ಗಂಡಸರು ತಾವು ಹೋದ ದಿನವೇ ಪ್ರಪಂಚ ಮುಗೀತು ಅಂದ್ಕೊಂಡಿರ್ತಾರೆ. ಅರವತ್ತೆರಡರ ತನಕ ದುಡಿಯೋದು ಒಳ್ಳೇ ನಿರ್ಧಾರ."

ಇವರ ಬಾಯಿ ತೆರೆಯಿತು. ಕಣ್ಣು ಪರದೆಯಿಂದ ನನ್ನ ಕಡೆಗೆ, ಅಲ್ಲಿಂದ ಅವಳ ಮೆಚ್ಚುಗೆಯ ಮುಖಕ್ಕೆ ಹೋಯಿತು. ಹೊಗಳಿಕೆ ಬೇಕೋ, ನಾಲ್ಕು ವರ್ಷದ ಆರಾಮ ಬೇಕೋ ಎಂದು ತೂಗುತ್ತಿದ್ದರು.

"ಅದು ಬೇಸಿಕ್ ಅಲ್ವೇನ್ರಿ," ಎಂದರು, ಎದೆ ಉಬ್ಬಿಸಿ. ಆ ಯೋಜನೆಗೆ ಸಹಿಯನ್ನೂ ಹಾಕಿದರು.

ಲಿಫ್ಟಿನಲ್ಲೇ ನಾದಿನಿಗೆ ಫೋನು ಹೋಯಿತು. "ಐವತ್ತೆಂಟಕ್ಕೆಲ್ಲ ಬಿಡೋದು ಸ್ವಾರ್ಥ ಕಣೇ. ನಿಮ್ಮತ್ತಿಗೆ ಬಗ್ಗೆ ಯಾರು ಯೋಚ್ನೆ ಮಾಡ್ತಾರೆ, ಹೇಳು?"

ನಾನು ಲಿಫ್ಟಿನ ಬಾಗಿಲು ನೋಡುತ್ತಾ ನಿಂತಿದ್ದೆ. ಆ ಯೋಚನೆ ಇವರದಾಗಿರುವ ತನಕ ಅರವತ್ತೆರಡು ಅರವತ್ತೆರಡಾಗಿಯೇ ಇರುತ್ತದೆ. ನನ್ನದೆಂದು ಗೊತ್ತಾದ ಮರುದಿನವೇ ಐವತ್ತೆಂಟು. ಮಗಳಿಗೆ ಕೂಡ ಹೇಳಕೂಡದು ಎಂದುಕೊಂಡೆ.