ಉಣ್ಣದೆ ಬಂದವರು

ಆಮಂತ್ರಣ ಬರೆದವನು ನಾನೇ, ಜಾಹೀದ. ಮುಂಡರಗಿ ಬಸ್‌ಸ್ಟ್ಯಾಂಡಿನ ಹಿಂದೆ ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಬರವಣಿಗೆ ಎಲ್ಲಿಂದ ಬರಬೇಕು? ಆದರೂ ಎರಡು ಸಲ ಹರಿದು ಹಾಕಿ, ಮೂರನೆಯ ಸಲ ತಕ್ಕಮಟ್ಟಿಗೆ ಬರೆದಿದ್ದೆ:

"ನಮ್ಮ ಭೀಮೇಶ ತೀರಿಕೊಂಡು ಬರುವ ಭಾನುವಾರಕ್ಕೆ ಒಂದು ವರ್ಷ. ಅವನ ನೆನಪಿಗೆ ಸಮುದಾಯ ಭವನದಲ್ಲಿ ರಕ್ತದಾನ ಶಿಬಿರ. ಕೊರ್ಲಹಳ್ಳಿಯವರು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಮುಂಡರಗಿಯವರು ಹನ್ನೊಂದರಿಂದ ಒಂದು. ಹದಿನೆಂಟು ತುಂಬಿರಬೇಕು. ಮೊದಲ ಸಲ ಕೊಡುವವರು ಅರವತ್ತು ದಾಟಿರಬಾರದು. ತೂಕ ನಲವತ್ತೈದು ಕಿಲೋಕ್ಕಿಂತ ಕಡಿಮೆ ಇರಬಾರದು. ಜ್ವರ ಬಂದವರು, ಗುಳಿಗೆ ನುಂಗುತ್ತಿರುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ರೊಟ್ಟಿ-ಪಲ್ಯವನ್ನೋ ಉಪ್ಪಿಟ್ಟನ್ನೋ ಹಗುರಾಗಿ ತಿಂದು, ನೀರು ಕುಡಿದು ಬನ್ನಿ. ಬರಿ ಹೊಟ್ಟೆಯಲ್ಲಿ ಬರಲೇಬೇಡಿ."

ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಕುರುಡನಿಗೂ ಕಾಣಬೇಕು, ಅಷ್ಟು ದಪ್ಪ.

ಭೀಮೇಶ ನನ್ನ ಜೊತೆ ಅಂಗಡಿಯಲ್ಲಿ ದುಡಿಯುತ್ತಿದ್ದ. ಟ್ರ್ಯಾಕ್ಟರ್ ಮಗುಚಿ ಗದಗಿನ ಆಸ್ಪತ್ರೆಗೆ ಒಯ್ದಾಗ ಉಸಿರಿತ್ತು. ಅವನ ಗುಂಪಿನ ರಕ್ತ ಹುಡುಕಿಕೊಂಡು ನಾನು ಊರೆಲ್ಲ ಅಲೆದೆ. ಸಿಕ್ಕಿತು, ಆದರೆ ತಡವಾಗಿ ಸಿಕ್ಕಿತು.

ಭಾನುವಾರ ಭೀಮೇಶನ ಊರಾದ ಕೊರ್ಲಹಳ್ಳಿಯ ಟೆಂಪೋ ಹೊತ್ತಿಗೆ ಸರಿಯಾಗಿ ಬಂತು. ಎಲ್ಲರೂ ತಲೆಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಇಳಿದರು. ಎಲ್ಲರಿಗಿಂತ ಮುಂದೆ ಭೀಮೇಶನ ತಾಯಿ ಕರಿಯವ್ವ. ಕಂಕುಳಲ್ಲಿ ಬಟ್ಟೆ ಕಟ್ಟಿದ ಬುಟ್ಟಿ, ಮಗನಿಗೆ ಎಡೆ ಹಿಡಿಯಲು ಮಾಡಿದ ಅಡುಗೆ.

ಅವಳೇ ಮೊದಲು ತೂಕದ ಯಂತ್ರ ಹತ್ತಿದಳು. ಮುಳ್ಳು ನಲವತ್ತೊಂದಕ್ಕೆ ನಿಂತುಬಿಟ್ಟಿತು.

"ನಿಮ್ಮ ರಕ್ತ ತಗೊಳ್ಳಾಕ ಬರಂಗಿಲ್ಲ ಯವ್ವಾ, ನಿಮಗಽ ತ್ರಾಸ ಆಕ್ಕೈತಿ," ಎಂದರು ಶಿಬಿರದ ಡಾಕ್ಟರಮ್ಮ.

"ಒಂದೀಟರ ತಗೀರಿ. ನನ್ನ ಮಗನ ಹೆಸರಿಲೆ ಕೊಡಾಕಂತ ಬಂದೇನ್ರಿ."

ಡಾಕ್ಟರ್ ಅವಳ ಕೈ ಹಿಡಿದು ಇಲ್ಲವೆಂದರು. ಕರಿಯವ್ವ ಬುಟ್ಟಿ ಎತ್ತಿಕೊಂಡು ಹೋಗಿ, ಗೋಡೆಗೆ ಹಾಕಿದ್ದ ಮಗನ ಫೋಟೋದ ಕೆಳಗೆ ಕುಳಿತಳು.

ಮುಂದಿನ ಸರದಿ ಭೀಮೇಶನ ಕಾಕಾ ಹೇಮಪ್ಪನದು. ಮುಂಜಾನೆ ಏನು ತಿಂದಿರಿ ಎಂದು ಡಾಕ್ಟರ್ ಕೇಳಿದ್ದಕ್ಕೆ ಎದೆಯುಬ್ಬಿಸಿ ಹೇಳಿದ: "ಏನೂ ತಿಂದಿಲ್ರಿ. ನಮ್ಮ ಟೆಂಪೋದಾಗ ಬಂದವರು ಒಬ್ಬರೂ ನೀರ ಸೈತ ಮುಟ್ಟಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಕಾಕಾ, ಇಷ್ಟ ದಪ್ಪ ಅಕ್ಷರದಾಗ ಬರದೇನಿ, ಓದಿಲ್ಲೇನು?"

"ಓದೇವಪಾ. ಅದು ಬ್ಯಾರೆ ಮಂದಿಗೆ ಬರದದ್ದು ಅಂತ ತಿಳದ್ವಿ. ಇವತ್ತ ಭೀಮ್ಯಾನ ವರ್ಷ. ಅವರವ್ವ ಉಣ್ಣೂತನಕಾ ನಾವು ಹೆಂಗ ಉಣ್ಣೂದು?"

ಬರಿ ಹೊಟ್ಟೆಯಲ್ಲಿ ಕೊಟ್ಟರೆ ತಲೆ ತಿರುಗಿ ಬೀಳುತ್ತೀರಿ, ಒಬ್ಬರದೂ ತೆಗೆಯುವುದಿಲ್ಲ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದರು. ತಿಂದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತರೆ ಆಮೇಲೆ ನೋಡೋಣ ಎಂದರು. ನಾನು ಮುಂಡರಗಿಯವರಿಗೆ ಫೋನು ಮಾಡಿ ಬೇಗ ಕರೆಸಿಕೊಂಡೆ, ಕೊರ್ಲಹಳ್ಳಿಯವರ ಸರದಿಯನ್ನು ಹನ್ನೊಂದರ ಮೇಲಕ್ಕೆ ಹಾಕಿದೆ. ಎದುರಿನ ಖಾನಾವಳಿಯಿಂದ ಉಪ್ಪಿಟ್ಟು ತರಿಸಿದೆ. ಜೊತೆಗೆ ಮಿರ್ಚಿ ಬಜಿಯನ್ನೂ ಕಳಿಸಿದ್ದ ಖಾನಾವಳಿಯ ಪುಣ್ಯಾತ್ಮ. ಕರಿದದ್ದು ಬೇಡ ಎಂದು ವಾಪಸು ಕಳಿಸಿದೆ.

ತಟ್ಟೆಗಳು ಎಲ್ಲರ ಮುಂದೆ ಬಂದವು. ಒಬ್ಬರೂ ಕೈ ಹಚ್ಚಲಿಲ್ಲ. ಎಲ್ಲರ ಕಣ್ಣೂ ಕರಿಯವ್ವನ ಮೇಲೆ.

ನಾನು ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತೆ. "ಯವ್ವಾ, ನೀ ಒಂದು ತುತ್ತು ಉಣ್ಣು."

"ಹೊತ್ತ ಮುಳಗೂತನಕಾ ಉಪಾಸ ಇರ್ತೇನಂತ ಅಂದಕೊಂಡೇನಿ. ರಕ್ತ ಕೊಡೂದಂತೂ ಆಗಲಿಲ್ಲ. ಇದೊಂದರ ಮಾಡತೇನಿ, ಬಿಡು."

"ಅವತ್ತ ಗದಗಿನ್ಯಾಗ ಒಂದು ಬಾಟ್ಲಿ ರಕ್ತಕ್ಕ ಕಂಡಕಂಡವರ ಕಾಲ ಹಿಡದೇನಿ. ಇವತ್ತ ಇಷ್ಟ ಮಂದಿ ಕೊಡಾಕ ಬಂದು ಕುಂತಾರ. ನೀ ಉಂಡ್ರ ಅವರು ಉಣ್ತಾರ. ಇಲ್ಲಂದ್ರ ಬಂದ ಟೆಂಪೋದಾಗ ಹಂಗಽ ಹೊಳ್ಳಿ ಹೋಗತಾರ."

ಕರಿಯವ್ವ ತಟ್ಟೆ ಮುಂದಿಟ್ಟುಕೊಂಡು ಕೂತ ಊರವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಬುಟ್ಟಿಯ ಗಂಟು ಬಿಚ್ಚಿದಳು. ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಎಲ್ಲ ಅವನಿಗೆ ಸೇರುವಂಥವು. ಫೋಟೋಕ್ಕೆ ಎಡೆ ಹಿಡಿದು, ಒಂದು ತುಂಡು ಮುರಿದು ಬಾಯಿಗೆ ಇಟ್ಟುಕೊಂಡಳು. ನಾನು ನೀರು ಕೊಟ್ಟೆ. ಕಣ್ಣೀರು ಸುರಿಸುತ್ತಲೇ ನುಂಗಿದಳು.

"ನೀವೂ ಉಣ್ರಿ," ಎಂದಳು ಊರವರಿಗೆ.

ಹನ್ನೊಂದರ ಮೇಲೆ ಹೇಮಪ್ಪ ಮಂಚದ ಮೇಲೆ ಮಲಗಿದ. ಬೆರಳು ಚುಚ್ಚಿ ಪರೀಕ್ಷೆ ಮಾಡಿದ್ದರು, ಬಿ.ಪಿ. ನೋಡಿದ್ದರು, ಎಲ್ಲ ಸರಿಯಿತ್ತು. ಕರಿಯವ್ವ ಬಂದು ಪಕ್ಕದಲ್ಲಿ ನಿಂತು ಚೀಲ ತುಂಬುವುದನ್ನೇ ನೋಡಿದಳು.

"ಇದು ಯಾರಿಗೆ ಹೋಗತೈತ್ರಿ?" ಎಂದು ನರ್ಸಮ್ಮನನ್ನು ಕೇಳಿದಳು.

"ಈಗ ಹೇಳಾಕ ಬರಂಗಿಲ್ಲವ್ವಾ. ತಪಾಸಣಿ ಆದ ಮ್ಯಾಲೆ, ಯಾರಿಗೆ ಬೇಕೋ ಅವರಿಗೆ."

ಕರಿಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾರಿಗರ ಹೋಗಲಿ," ಎಂದಳು. "ಅವರವ್ವ ಹೊಟ್ಟಿತುಂಬ ಉಣ್ಣಲಿ."