ನಲವತ್ತೊಂದರಲ್ಲಿ ಒಬ್ಬಳು

“ಸೌಟು ಕೆಳಗಿಡು ದೊಡ್ಡಕ್ಕ,” ಎಂದ ಟೈಮ್‌ಕೀಪರ್, ಕ್ಯಾಂಟೀನಿನ ಹೊಸಿಲ ಆಚೆಯೇ ನಿಂತು. “ಬ್ಲಡ್ ಬ್ಯಾಂಕಿಂದ ಫೋನ್ ಬಂದಿತ್ತು. ನೀನೇ ಖುದ್ದಾಗಿ ಬರಬೇಕಂತೆ.”

“ಯಾಕಂತೆ?”

“ಬಾಯಿ ಬಿಡ್ಲಿಲ್ಲ. ಆದ್ರೆ ರಕ್ತ ಕೊಟ್ಟೋರು ನಲವತ್ತೊಂದು ಜನ, ಕರೆದಿರೋದು ನಿನ್ನೊಬ್ಬಳನ್ನೇ. ಅಷ್ಟೂ ಅರ್ಥ ಆಗಲ್ವಾ ನಂಗೆ?”

ಕಾರ್ಖಾನೆಯಲ್ಲಿ ಕೆಲಸದ ಹೊತ್ತು ಟೈಮ್‌ಕೀಪರನದೊಂದು ಬಿಟ್ಟು ಎಲ್ಲರ ಫೋನೂ ಗೇಟಿನ ಪೆಟ್ಟಿಗೆಯಲ್ಲಿರುತ್ತಿತ್ತು. ಅದಕ್ಕೇ ರಕ್ತದಾನ ಶಿಬಿರದ ದಿನ ಅರ್ಜಿ ತುಂಬಲು ಕೂತ ಅವನು ನಲವತ್ತೊಂದು ಅರ್ಜಿಗೂ ತನ್ನ ನಂಬರನ್ನೇ ಬರೆದಿದ್ದ. ಅದನ್ನು ಉಪಕಾರವೆಂದೇ ತಿಳಿದಿದ್ದ. ಊಟದ ಗಂಟೆ ಹೊಡೆಯುವುದರೊಳಗೆ ಸುದ್ದಿ ಎಲ್ಲ ಮೆಷಿನ್ನುಗಳನ್ನೂ ಸುತ್ತಿ ಬಂದಿತ್ತು. ಹದಿನೆಂಟು ವರ್ಷ ಒಲೆಯ ಮುಂದೆ ನಿಂತವಳ ಕೈಗೆ ಸಂಜೆ ಪೊರಕೆ ಬಂತು. ವರದಿ ಬರುವವರೆಗೆ ಅಂಗಳ ಗುಡಿಸಬೇಕೆಂದು ಮ್ಯಾನೇಜರರ ಅಪ್ಪಣೆಯಂತೆ.

ಮರುದಿನ ಬ್ಲಡ್ ಬ್ಯಾಂಕಿನ ಕೌನ್ಸೆಲರ್ ಬಾಗಿಲು ಹಾಕಿಕೊಂಡು, ಹೆಸರು, ಹುಟ್ಟಿದ ದಿನ ಕೇಳಿ ಅರ್ಜಿಗೆ ತಾಳೆ ನೋಡಿದಳು. ದೊಡ್ಡಕ್ಕ ಕೂರುವ ಮುಂಚೆಯೇ ಕೇಳಿದಳು: “ನನ್ನ ವಿಷಯ ಅವನಿಗೆ ಯಾಕೆ ಫೋನ್ ಮಾಡಿದ್ರಿ?”

“ನಿಮ್ಮ ನಂಬರ್ ಅಂತ ಬರೆದಿತ್ತು. ಗಂಡಸಿನ ದನಿ ಕೇಳಿ, ಬರೋಕೆ ಹೇಳಿ ಅಂದೆ, ಅಷ್ಟೆ. ಅಷ್ಟೂ ಹೇಳಬಾರದಿತ್ತು. ನನ್ನ ತಪ್ಪು.” ಆ ನಂಬರನ್ನು ಹೊಡೆದುಹಾಕಿ, ದೊಡ್ಡಕ್ಕ ಹೇಳಿದ ಅವಳದೇ ನಂಬರನ್ನು ಬರೆದುಕೊಂಡಳು.

“ಈಗ ಕೇಳಿ. ನಿಮ್ಮ ರಕ್ತ ಹೆಪಟೈಟಿಸ್ ಸಿ ಪರೀಕ್ಷೆಲಿ ರಿಯಾಕ್ಟಿವ್ ಬಂದಿದೆ. ಅದು ಲಿವರಿಗೆ ಬರೋ ಸೋಂಕು. ಆ ಚೀಲ ಯಾರಿಗೂ ಕೊಟ್ಟಿಲ್ಲ, ನಾಶ ಮಾಡ್ತೀವಿ.”

“ಅಂದ್ರೆ ನಂಗೆ ಕಾಯಿಲೆ ಇದೆ.”

“ಇನ್ನೂ ಹೇಳೋಕಾಗಲ್ಲ. ಇದು ಸೋಸೋ ಪರೀಕ್ಷೆ. ಒಂದೂ ತಪ್ಪಿಸಿಕೊಳ್ಳಬಾರದು ಅಂತ ಸ್ವಲ್ಪ ಅನುಮಾನ ಇದ್ರೂ ಹಿಡಿಯುತ್ತೆ. ಸುಳ್ಳೇ ಬಂದಿರಬಹುದು. ಸೋಂಕು ಬಂದು ತಾನಾಗೇ ಹೋಗಿದ್ರೂ ಹೀಗೆ ಬರುತ್ತೆ. ಈಗ ವೈರಸ್ಸೇ ಇದೆಯಾ ಅಂತ ಹೊಸ ಸ್ಯಾಂಪಲ್‌ನಲ್ಲಿ ನೋಡಬೇಕು. ಯಾವತ್ತಾದ್ರೂ ರಕ್ತ ಹಾಕಿಸ್ಕೊಂಡಿದ್ರಾ?”

“ಮಗಳು ಹುಟ್ಟಿದಾಗ. ಎರಡು ಬಾಟಲಿ. ಅವಳಿಗೀಗ ಮೂವತ್ತೆರಡು. ಆ ಋಣ ತೀರಿಸೋಣ ಅಂತಾನೇ ಮೊನ್ನೆ ಕೊಟ್ಟಿದ್ದು.”

“ಆಗ ಈ ಪರೀಕ್ಷೆ ಎಲ್ಲ ಕಡೆ ಇರಲಿಲ್ಲ. ಅದರಿಂದ್ಲೇ ಬಂತು ಅಂತ ಹೇಳಲ್ಲ, ಬಂದಿರಬಹುದು. ಇನ್ಮೇಲೆ ರಕ್ತ ಕೊಡಬೇಡಿ. ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜೋ ಬ್ರಷ್ಷು ಬೇರೆ ಇಟ್ಕೊಳ್ಳಿ.”

“ಅಡುಗೆ?”

“ಊಟದಿಂದ ಬರಲ್ಲ, ಮುಟ್ಟಿದ್ರೂ ಬರಲ್ಲ. ಕೈ ಕುಯ್ದುಕೊಂಡ್ರೆ ಪಟ್ಟಿ ಕಟ್ಟಿ. ಅದು ಎಲ್ಲ ಅಡುಗೆಯವರಿಗೂ ಹೇಳೋ ಮಾತೇ.”

“ಹಾಗಾದ್ರೆ ನಾನ್ಯಾಕೆ ಅಂಗಳ ಗುಡಿಸ್ತಿದೀನಿ?”

ಕೌನ್ಸೆಲರ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು, “ವರದಿ ನಿಮ್ಮದು, ಯಾರಿಗೂ ತೋರಿಸಬೇಕಿಲ್ಲ,” ಎಂದಳು.

ಆಸ್ಪತ್ರೆಯಲ್ಲಿ ಹೊಸ ಸ್ಯಾಂಪಲ್ ಕೊಟ್ಟು ಬಂದು, ಒಂಬತ್ತು ದಿನ ದೊಡ್ಡಕ್ಕ ಗುಡಿಸಿದಳು. ಅಳಲಿಲ್ಲ. ಟೈಮ್‌ಕೀಪರನ ಕುರ್ಚಿಯ ಸುತ್ತಲೇ ಹೆಚ್ಚು ಧೂಳೆಬ್ಬಿಸಿದಳು.

ಹತ್ತನೆಯ ದಿನ ಆಸ್ಪತ್ರೆಯ ಡಾಕ್ಟರು ಸುತ್ತಿ ಬಳಸದೆ ಹೇಳಿದರು: ವೈರಸ್ ಇದೆ. ಲಿವರ್ ಅಷ್ಟೇನೂ ಕೆಟ್ಟಿಲ್ಲ. ಇನ್ನೆರಡು ಪರೀಕ್ಷೆ ಮುಗಿದ ಮೇಲೆ ಹನ್ನೆರಡು ವಾರ ಮಾತ್ರೆ, ಆಮೇಲೆ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತದೆ. ಗಂಡನನ್ನೂ ಮಗಳನ್ನೂ ಪರೀಕ್ಷೆಗೆ ಕರೆತರಲಿ. ಅವಳು ಕೇಳಿದ್ದಕ್ಕೆ, ಅಡುಗೆ ಮಾಡಬಹುದೆಂದು ಬೇರೆಯೇ ಒಂದು ಚೀಟಿ ಬರೆದುಕೊಟ್ಟರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಅರ್ಧ ಗಂಟೆ ಕೂತಳು. ಮೊದಲ ಪರೀಕ್ಷೆ ಸುಳ್ಳೆಂದು ಬಂದಿದ್ದರೆ ಆ ಕಾಗದವನ್ನು ಗೇಟಿಗೇ ಅಂಟಿಸುತ್ತಿದ್ದೆ ಎಂದುಕೊಂಡಳು. ಆಮೇಲೆ, ಅದನ್ನಾದರೂ ಅವರಿಗೆ ಯಾಕೆ ತೋರಿಸಬೇಕಿತ್ತು ಎಂದುಕೊಂಡಳು. ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. “ನಾಳೆ ನಂದೂ ನೋಡಿಸೋಣ. ನೀನು ಊಟ ಮಾಡಿದ್ಯಾ?” ಎಂದ ಅವನು.

ಅವಳು ನೇರ ಕ್ಯಾಂಟೀನಿಗೆ ಹೋಗಿ ಬಾಗಿಲಲ್ಲಿದ್ದ ಪೊರಕೆಯನ್ನು ಮೂಲೆಗೆ ಎಸೆದಳು. ಕೈ ತೊಳೆದು ಒಲೆಯ ಮುಂದೆ ನಿಂತಳು. ಟೈಮ್‌ಕೀಪರ್ ಓಡಿ ಬಂದ.

“ವರದಿ ಎಲ್ಲಿ?”

“ನನ್ನ ಚೀಲದಲ್ಲಿ.”

“ತೋರಿಸು ಮತ್ತೆ. ಏನೂ ಇಲ್ಲ ಅಂದ್ರೆ ತೋರಿಸೋಕೇನು ಕಷ್ಟ?”

“ಏನೂ ಇಲ್ಲ ಅಂತ ನಾನು ಹೇಳಿದ್ನಾ? ಇದ್ರೂ ತೋರಿಸಲ್ಲ, ಇಲ್ದಿದ್ರೂ ತೋರಿಸಲ್ಲ ಕಣೋ. ಅಡುಗೆ ಮಾಡಬಹುದು ಅಂತ ಡಾಕ್ಟರು ಬರೆದುಕೊಟ್ಟಿರೋದು ಇದು, ಬೇಕಾದ್ರೆ ಓದ್ಕೋ.”

“ಮ್ಯಾನೇಜರಿಗೆ ಹೇಳ್ತೀನಿ.”

“ನಡಿ, ನಾನೂ ಬರ್ತೀನಿ. ಊರಿಗೆಲ್ಲ ಡಂಗುರ ಹೊಡೆದೋನು ಯಾರು ಅಂತ ನಾನೂ ಹೇಳ್ಬೇಕು.”

ಅವನು ಹೋಗಲಿಲ್ಲ. ಗಂಟೆ ಹೊಡೆಯಿತು. ತಟ್ಟೆ ಹಿಡಿದವರ ಸಾಲು ಬಾಗಿಲಲ್ಲೇ ನಿಂತುಬಿಟ್ಟಿತು. ಮುಂದಿದ್ದ ಲೇತ್ ಮೆಷಿನ್ನಿನವನು ಗಂಟಲು ಸರಿಮಾಡಿಕೊಂಡ. “ದೊಡ್ಡಕ್ಕ, ಅದು ನಮಗೇನಾದ್ರೂ...”

“ಊಟದಲ್ಲಿ ಬರಲ್ಲ. ನಂಬಿಕೆ ಇಲ್ಲದೋರು ಆಸ್ಪತ್ರೆಗೆ ಹೋಗಿ ಕೇಳ್ಕೊಳ್ಳಿ. ಹಸಿದೋರು ಮುಂದೆ ಬನ್ನಿ, ಮಿಕ್ಕೋರು ದಾರಿ ಬಿಡಿ.”

ಹನ್ನೊಂದು ಜನ ತಟ್ಟೆ ಇಟ್ಟು ಹೊರಟರು. ಅವಳು ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರನ್ನೂ ಕರೆಯಲಿಲ್ಲ. ಲೇತಿನವನು ತಟ್ಟೆ ಮುಂದೊಡ್ಡಿದ. ಅದಕ್ಕೆ ಬಡಿಸಿ, “ಮುಂದೆ,” ಎಂದಳು.