ನಾನು ಮನೆ ಬಿಡುವಂತಿಲ್ಲ

ರಿವರ್ಸ್ ಮಾರ್ಟ್‌ಗೇಜ್ ಬೇಕೆಂದರೆ ಮೊದಲು ಸಲಹೆಗಾರ್ತಿಯ ಮುಂದೆ ಕೂರಲೇಬೇಕು. ೨೦೦೯ರ ಮಾರ್ಚಿನಲ್ಲಿ ನಾನು ಕೂತೆ. ಪಕ್ಕದಲ್ಲಿ ಮಗ ಶಿವಪ್ರಸಾದ್, ಹುಣಸೆಹಣ್ಣು ಕಚ್ಚಿದವನ ಮುಖ ಹೊತ್ತು.

ಆಕೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಮಾನ್ಮತ್ ಜಂಕ್ಷನ್ ಊರಿನಲ್ಲಿ ನಾನಿರುವ ಮನೆ ನನ್ನ ಹೆಸರಿನಲ್ಲೇ ಇರುತ್ತದೆ. ನಾನು ಅಲ್ಲಿ ವಾಸವಿರುವವರೆಗೆ ಬ್ಯಾಂಕು ತಿಂಗಳು ತಿಂಗಳು ಹಣ ಕೊಡುತ್ತದೆ. ಮನೆಯ ತೆರಿಗೆ, ವಿಮೆ ಮಾತ್ರ ನಾನೇ ಕಟ್ಟಬೇಕು. ಬಡ್ಡಿ ಸೇರಿ ಸಾಲ ಬೆಳೆಯುತ್ತದೆ. ನಾನು ಸತ್ತ ಮೇಲೆ ಮಗ ಮನೆ ಮಾರಿ ಅದನ್ನು ತೀರಿಸಿ, ಉಳಿದದ್ದನ್ನು ಇಟ್ಟುಕೊಳ್ಳಬಹುದು.

"ಮನೆ ರೇಟು ಹೀಗೇ ಬೀಳ್ತಾ ಹೋಗಿ ಸಾಲವೇ ಜಾಸ್ತಿ ಆದ್ರೆ?" ಎಂದು ಮಗ ಕೇಳಿದ.

"ಬ್ಯಾಂಕಿಗೆ ಮನೆಯಷ್ಟೇ. ನಿಮ್ಮ ಜೇಬಿಗೆ ಕೈ ಹಾಕುವಂತಿಲ್ಲ" ಎಂದಳು.

ಅವನ ಮುಖ ಅರಳಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಸೈನ್ ಮಾಡಮ್ಮ. ಆಮೇಲೆ ಹಿಲ್ಸ್‌ಬರೋಗೆ, ನಮ್ಮನೆಗೇ ಬಂದ್ಬಿಡು. ನಿನ್ ಸೊಸೆ ಅಕ್ಷಯಾನೂ ಅದೇ ಹೇಳ್ತಾಳೆ. ನಮ್ಮ ಅವಳಿ ಮಕ್ಕಳನ್ನ ನೀನೇ ನೋಡ್ಕೋಬಹುದು. ಡೇಕೇರ್ ನಿಲ್ಲಿಸಿ, ನಿನ್ ಮನೆ ಬಾಡಿಗೆಗೆ ಕೊಡೋಣ" ಎಂದ.

ನಾನು ಸಲಹೆಗಾರ್ತಿಯನ್ನು ಸಾಧುವಿನಂತೆ ಕೇಳಿದೆ: "ಮನೆ ಬಿಟ್ಟು ಮಗನ ಹತ್ತಿರ ನೆಲೆಸಿದರೆ?"

"ಸಾಲ ಪೂರ್ತಿ ಆಗಲೇ ತೀರಿಸಬೇಕಾಗುತ್ತದೆ. ಅಲ್ಲೇ ಇದ್ದೀರೆಂದು ವರ್ಷಕ್ಕೊಮ್ಮೆ ಸಹಿ ಮಾಡಿಯೂ ಕಳಿಸಬೇಕು."

"ನೋಡಪ್ಪಾ, ನಾನೇನೋ ಬರ್ತಿದ್ದೆ. ಬ್ಯಾಂಕ್‌ನೋರು ಬಿಡಬೇಕಲ್ಲ!" ಎಂದೆ.

ಆ ನಿಯಮದ ಹಾಳೆಯ ಎರಡು ಪ್ರತಿ ಕೇಳಿ ಪಡೆದೆ. ಒಂದು ನನ್ನ ಫ್ರಿಜ್ಜಿನ ಬಾಗಿಲಿಗೆ, ಇನ್ನೊಂದು ಸೊಸೆಯ ಫ್ರಿಜ್ಜಿನ ಬಾಗಿಲಿಗೆ.